ಬಹುದು, ಬೇಕು, ಈತು: ನನ್ನ ಮೂರು ಪೆನ್ಸಿಲ್‌ಗಳ ಕಥೆ

ಇಂಗ್ಲಿಷಿನ ವಿಜ್ಞಾನ ಬರಹಗಳನ್ನು ಕನ್ನಡಕ್ಕೆ ತರುವುದು ನನ್ನ ಕೆಲಸ. ಪದಕ್ಕೆ 80 ಪೈಸೆಯಿಂದ ಶುರು ಮಾಡಿದವನು ನಾನು. ಈ ಕೆಲಸದಲ್ಲಿ ಇರುವವರಿಗೆ ‘ಮೇ’, ‘ವುಡ್’, ‘ಮಸ್ಟ್’ ಏನೆಂದು ಹೇಳಿಕೊಡಬೇಕಾಗಿಲ್ಲ. ಆದರೆ ಆ ಚಿಲ್ಲರೆ ಪದಗಳನ್ನು ನೋಡಿ ಬರೆದವನಿಗೆ ಎಷ್ಟು ಖಾತ್ರಿ ಇದೆ ಎಂದು ಅಳೆಯೋದು ಬೇರೆ ವಿದ್ಯೆ. ಅದನ್ನು ಕಲಿಯಲು ನನಗೆ ನಾಲ್ಕೈದು ವರ್ಷ ಹಿಡಿಯಿತು, ಸ್ವಲ್ಪ ದುಡ್ಡೂ ಹೋಯಿತು.

ಹೋದದ್ದು 2020ರಲ್ಲಿ. ಸೆಪ್ಟೆಂಬರ್‌ನಲ್ಲಿ ಶುಕ್ರಗ್ರಹದ ಸುದ್ದಿ ಬಂತು, ನೆನಪಿದೆಯಲ್ಲ? ಅದರ ಮೋಡಗಳಲ್ಲಿ ಫಾಸ್ಫೀನ್ ಅನಿಲದ ಗುರುತು ಸಿಕ್ಕಿದೆ ಅಂತ. ಒಂದು ಮಾಸಿಕದವರು ರಾತ್ರೋರಾತ್ರಿ ಲೇಖನ ಕೇಳಿದರು. ಪತ್ರಿಕಾ ಪ್ರಕಟಣೆ ಓದಿ ಬರೆದೆ: “ಶುಕ್ರನ ಮೋಡಗಳಲ್ಲಿ ಫಾಸ್ಫೀನ್ ಇದೆ. ಇದು ಜೀವಿಗಳಿಂದ ಬಂದಿರಬಹುದು.” ಎರಡು ತಿಂಗಳಲ್ಲಿ ಕಥೆ ತಿರುಗಿತು. ಆಲ್ಮಾ ದೂರದರ್ಶಕದ ಮಾಹಿತಿಯನ್ನು ಸಂಸ್ಕರಿಸುವಾಗಲೇ ತಪ್ಪಾಗಿತ್ತಂತೆ. ಶತಕೋಟಿಯಲ್ಲಿ 20 ಭಾಗ ಎಂದಿದ್ದ ತಂಡವೇ ಅದನ್ನು ಬಹಳ ಕೆಳಕ್ಕೆ ಇಳಿಸಿತು. ಬೇರೆಯವರು, ಅದು ಫಾಸ್ಫೀನೇ ಅಲ್ಲ, ಗಂಧಕದ ಡೈಆಕ್ಸೈಡ್ ಇರಬಹುದು ಎಂದರು. ಮಾಸಿಕಕ್ಕೆ ಓದುಗರ ಪತ್ರಗಳು ಬಂದವು, ತಿದ್ದುಪಡಿ ಹಾಕಿದರು, ನನಗೆ ಬರಬೇಕಿದ್ದ ಸುಮಾರು 1,900 ರೂಪಾಯಿ ಬರಲೇ ಇಲ್ಲ.

ನನಗೆ ಸಿಟ್ಟು ಬಂತು. “ಸರ್, ‘ಇರಬಹುದು’ ಅಂತಾನೇ ಬರೆದಿದ್ದೀನಲ್ಲ?” ಎಂದು ಸಂಪಾದಕರ ಹತ್ತಿರ ಜಗಳ ಆಡಿದೆ. ಅವರು, “ಎಲ್ಲಿ ಬರೆದಿದ್ದೀರಿ ನೋಡಿಕೊಳ್ಳಿ” ಎಂದು ಫೋನ್ ಇಟ್ಟರು. ಆ ದಿನ ಅದು ಅರ್ಥ ಆಗಲಿಲ್ಲ.

ಮೊದಲು ಮಾಡಿದ್ದು ಎಲ್ಲರೂ ಮಾಡುವ ಕೆಲಸ: ಎಣಿಕೆ. ಪ್ರಬಂಧದಲ್ಲಿ ಎಷ್ಟು ‘ಮೇ’, ಎಷ್ಟು ‘ಪರ್‌ಹ್ಯಾಪ್ಸ್’ ಇದೆ ಎಂದು ಎಕ್ಸೆಲ್‌ನಲ್ಲಿ ಹಾಕಿದೆ. ಜಾಸ್ತಿ ಇದ್ದರೆ ಅನುಮಾನ ಜಾಸ್ತಿ ಎಂಬ ಲೆಕ್ಕ. ಮೂವತ್ತು ಮೂವತ್ತೈದು ಪ್ರಬಂಧ ಎಣಿಸಿರಬೇಕು. ಪ್ರಯೋಗ ಮಾಡಿದ ವಿಧಾನ ಹೇಳುವ ಭಾಗದಲ್ಲಿ ಅನುಮಾನವೇ ಇಲ್ಲ, ಕೊನೆಯ ಚರ್ಚೆಯಲ್ಲಿ ತುಂಬಿ ತುಳುಕುತ್ತದೆ. ಚರ್ಚೆ ಉದ್ದ ಇದ್ದವರೆಲ್ಲ ನನ್ನ ಎಕ್ಸೆಲ್‌ನಲ್ಲಿ ಅಂಜುಬುರುಕರಾದರು. ಆಮೇಲೆ 1953ರ ಡಿಎನ್‌ಎ ಪ್ರಬಂಧ ತೆಗೆದೆ, ವಾಟ್ಸನ್ ಮತ್ತು ಕ್ರಿಕ್ ಅವರದು. ಒಂದು ಪುಟಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಅದು ಶುರುವಾಗುವುದೇ ‘ಒಂದು ರಚನೆಯನ್ನು ಸೂಚಿಸಲು ಬಯಸುತ್ತೇವೆ’ ಎಂದು. ಎಣಿಕೆ ನಂಬಿದರೆ ಇವರಿಗೆ ಏನೂ ಖಾತ್ರಿ ಇಲ್ಲ. ಆದರೆ ಒಳಗೆ ಹೋದರೆ, ಎರಡು ಎಳೆಗಳು ಒಂದೇ ಅಕ್ಷವನ್ನು ಸುತ್ತಿವೆ ಎಂದು ಕಣ್ಣಾರೆ ಕಂಡವರ ಹಾಗೆ ಬರೆದಿದ್ದಾರೆ. ಮೊದಲ ಸಾಲಿನದು ಮರ್ಯಾದೆ, ಅನುಮಾನ ಅಲ್ಲ. ಅದೇ ಪ್ರಬಂಧದಲ್ಲಿ ಒಂದು ‘ಮಸ್ಟ್’ ಕೂಡ ಇದೆ: ಇನ್ನೂ ನಿಖರವಾದ ಫಲಿತಾಂಶಗಳೊಂದಿಗೆ ತಾಳೆ ನೋಡುವ ತನಕ ಇದು ಸಾಬೀತಾಗಿಲ್ಲ ಎಂದೇ ತಿಳಿಯಬೇಕು ಅಂತ. ನಿಜವಾದ ಅನುಮಾನ ಇರುವುದು ಆ ಗಟ್ಟಿ ಪದ ಇರುವ ಸಾಲಿನಲ್ಲಿ! ಎಕ್ಸೆಲ್ ಹಾಳೆಯನ್ನು ಅವತ್ತೇ ಅಳಿಸಿಹಾಕಿದೆ.

ಎರಡನೆಯದು ಶೇಕಡಾ ಹುಚ್ಚು. ಹವಾಮಾನ ಬದಲಾವಣೆಯ ವರದಿ ಬರೆಯುವ ಐಪಿಸಿಸಿಯವರು ಪದಕ್ಕೆ ಅಂಕಿ ಕಟ್ಟಿಬಿಟ್ಟಿದ್ದಾರೆ. ಅವರ ‘ಲೈಕ್ಲಿ’ ಅಂದರೆ ಶೇ. 66ಕ್ಕೂ ಮೇಲೆ, ‘ವೆರಿ ಲೈಕ್ಲಿ’ ಅಂದರೆ ಶೇ. 90ಕ್ಕೂ ಮೇಲೆ. ಆಹಾ, ಇದನ್ನೇ ಎಲ್ಲ ಕಡೆ ಹಾಕೋಣ ಎಂದುಕೊಂಡೆ. ಆಗ ನಮ್ಮ ಹವಾಮಾನ ಇಲಾಖೆಯ ಮಳೆ ಬುಲೆಟಿನ್‌ನ ಅಡಿಟಿಪ್ಪಣಿ ಕಣ್ಣಿಗೆ ಬಿತ್ತು. ಕರಾವಳಿಗೆ ಭಾರಿ ಮಳೆ ‘ಲೈಕ್ಲಿ’ ಎನ್ನುತ್ತಾರಲ್ಲ, ಅಲ್ಲಿ ಆ ಪದಕ್ಕೆ ಶೇ. 25ರಿಂದ 50. ‘ವೆರಿ ಲೈಕ್ಲಿ’ಗೆ 50ರಿಂದ 75. ಪದ ಒಂದೇ, ಅಳತೆ ಬೇರೆ. ಮಂಗಳೂರಿನ ಸೇರು, ಬಳ್ಳಾರಿಯ ಸೇರು ಇದ್ದ ಹಾಗೆ. ಅಳತೆಯ ಪಟ್ಟಿ ಜೊತೆಗಿಲ್ಲದ ಬರಹದಲ್ಲಿ ‘ಲೈಕ್ಲಿ’ಗೆ ಅಂಕಿ ಕಟ್ಟುವುದು ಸುಮ್ನೆ ಜೂಜು.

ಮೂರನೇ ಸಲ ಶುಕ್ರನ ಪ್ರಬಂಧವನ್ನೇ ತೆಗೆದು, ಅದರ ಸಾರಾಂಶವನ್ನು ದೊಡ್ಡಕ್ಷರದಲ್ಲಿ ಮುದ್ರಿಸಿ, ಮೂರು ಬಣ್ಣದ ಪೆನ್ಸಿಲ್ ಹಿಡಿದು ಕುಳಿತೆ. ಹತ್ತು ರೂಪಾಯಿಯ ಸಾಮಾನು. ಕೆಂಪು, ತಿಳಿದಿರುವುದರ ಬಗ್ಗೆ ಹೇಳುವ ಪದಕ್ಕೆ. ನೀಲಿ, ಮಾಡಬೇಕಾದ್ದನ್ನು ಅಥವಾ ಮಾಡಲು ಆಗುವುದನ್ನು ಹೇಳುವ ಪದಕ್ಕೆ. ಹಸಿರು, ‘ಆದರೆ’ ‘ಇದ್ದರೆ’ ಎಂಬ ಷರತ್ತಿಗೆ. ನಾಲ್ಕನೇ ಬಣ್ಣವೂ ಒಂದಿದೆ, ಅದನ್ನು ಇಲ್ಲಿ ಹೇಳುವುದಿಲ್ಲ. ಹೊಟ್ಟೆಪಾಡಿನ ವಿಷಯ.

ಮೂರನೇ ಸಾಲಲ್ಲೇ ನನ್ನ 1,900 ರೂಪಾಯಿ ಎಲ್ಲಿ ಬಿದ್ದಿತ್ತು ಎಂದು ಗೊತ್ತಾಯಿತು. ಅವರು ಫಾಸ್ಫೀನ್ ಇದೆ ಎಂದು ವರದಿ ಮಾಡಿರಲಿಲ್ಲ. ಫಾಸ್ಫೀನ್ ‘ಇರುವಂತೆ ತೋರುವುದನ್ನು’ ವರದಿ ಮಾಡಿದ್ದರು. ‘ಅಪೇರೆಂಟ್’ ಎಂಬ ಒಂದು ಪದ. ‘ಮೇ’ ಅಲ್ಲ, ‘ಪರ್‌ಹ್ಯಾಪ್ಸ್’ ಅಲ್ಲ, ಹೆಸರಿಗೆ ಮೊದಲು ಮೆಲ್ಲಗೆ ಕುಳಿತ ವಿಶೇಷಣ. ಪ್ರಮಾಣವನ್ನೂ ಅಳೆದೆವು ಎಂದಿಲ್ಲ, ‘ಊಹಿಸಲಾಗಿದೆ’ ಎಂದಿದ್ದಾರೆ. ನಾನು ಜೀವಿಗೆ ‘ಬಹುದು’ ಹಾಕಿದ್ದೆ, ಅನಿಲಕ್ಕೆ ಹಾಕಿರಲಿಲ್ಲ. ಅವರು ಎರಡಕ್ಕೂ ಹಾಕಿದ್ದರು. ಬಿದ್ದದ್ದು ಅನಿಲದ ಸಾಲೇ. ಸಂಪಾದಕರು ‘ಎಲ್ಲಿ’ ಎಂದದ್ದು ಇದನ್ನೇ.

ಮುಂದೆ ಇನ್ನೂ ಮಜಾ ಇದೆ. ಅಲ್ಲಿ ‘ಶುಡ್’ ಎರಡು ಸಲ ಬರುತ್ತದೆ. ಶುಕ್ರನಲ್ಲಿ ರಂಜಕ ಏನಿದ್ದರೂ ಆಮ್ಲಜನಕದ ಜೊತೆ ಸೇರಿಕೊಂಡಿರಬೇಕು ಅನ್ನುವುದು ಒಂದು. ಅದು ನಿರೀಕ್ಷೆ, ಕೆಂಪು. ಫಾಸ್ಫೀನಿನ ಬೇರೆ ಗುರುತುಗಳನ್ನೂ ಹುಡುಕಬೇಕು ಅನ್ನುವುದು ಇನ್ನೊಂದು. ಅದು ಮುಂದಿನ ಕೆಲಸ, ನೀಲಿ. ನೀಲಿ ಬಿದ್ದದ್ದನ್ನು ಖಾತ್ರಿಯ ಲೆಕ್ಕದಿಂದ ಪೂರ್ತಿ ಹೊರಗಿಡುತ್ತೇನೆ. ಸಾರಾಂಶ ದಾಟಿ ಪ್ರಬಂಧದ ಒಳಗೆ ಹೋದರೆ ಒಂದು ‘ಮಸ್ಟ್’ ಕೂಡ ಇದೆ. ಗೊತ್ತಿರುವ ಯಾವ ರಾಸಾಯನಿಕ ಕ್ರಿಯೆಯೂ ಇದನ್ನು ವಿವರಿಸದಿದ್ದರೆ, ಶುಕ್ರನಲ್ಲಿ ನಡೆಯುತ್ತದೆಂದು ಯಾರೂ ಎಣಿಸದ ಕ್ರಿಯೆಯಿಂದ ಇದು ಬಂದಿರಬೇಕು ಎಂದು. ಪತ್ರಿಕೆಗಳು ಆ ‘ಬಂದಿರಬೇಕು’ ಮಾತ್ರ ಎತ್ತಿಕೊಂಡವು, ಮುಂದಿದ್ದ ‘ವಿವರಿಸದಿದ್ದರೆ’ ಬಿಟ್ಟವು. ಹಸಿರು ಗೆರೆ ಎಳೆದ ಮೇಲೆ ಆ ‘ಮಸ್ಟ್’ಗೆ ಸ್ವಂತ ಬಲವೇ ಇಲ್ಲ, ಅದರ ಬಲ ಪೂರ್ತಿ ‘ಇದ್ದರೆ’ಯದು. ಕೊನೆಗೆ ಜೀವಿಯ ಮಾತು. ಅದಕ್ಕೆ ಬರೀ ‘ಕುಡ್’, ಅದೂ ಗೊತ್ತಿಲ್ಲದ ಬೆಳಕಿನ ರಸಾಯನ ಮತ್ತು ನೆಲದ ರಸಾಯನದ ನಂತರ, ಸಾಲಿನ ಬಾಲದಲ್ಲಿ.

‘ಮಸ್ಟ್’ ಬಗ್ಗೆ ನಮ್ಮವರಿಗೇ ಜಾಸ್ತಿ ಗೊಂದಲ. ಗಟ್ಟಿ ಪದ, ಹಾಗಾಗಿ ಗಟ್ಟಿ ಖಾತ್ರಿ ಎಂದುಕೊಳ್ಳುತ್ತೇವೆ. ಆದರೆ ನಮ್ಮ ಮನೆಯಲ್ಲೇ ನೋಡಿ. ಅಡುಗೆಮನೆಯಿಂದ ಸೀದ ವಾಸನೆ ಬಂದರೆ ‘ಹಾಲು ಉಕ್ಕಿರಬೇಕು’ ಎನ್ನುತ್ತೇವೆ. ಉಕ್ಕಿದ್ದನ್ನು ಕಂಡವರು ‘ಹಾಲು ಉಕ್ಕಿತು’ ಎನ್ನುತ್ತಾರೆ. ಅಂದರೆ ‘ಬೇಕು’ ಬಂದ ಕಡೆ ಕಂಡಿಲ್ಲ, ತರ್ಕದಿಂದ ಹೇಳುತ್ತಿದ್ದಾರೆ ಎಂದು ಅರ್ಥ. ‘ಇದೆ’ಗಿಂತ ‘ಇರಬೇಕು’ ಒಂದು ಮೆಟ್ಟಿಲು ಕೆಳಗೆ. ಅದರ ಕೆಳಗೆ ‘ಇರಬಹುದು’, ಇನ್ನೂ ಕೆಳಗೆ ‘ಇದ್ದೀತು’. ಈ ‘ಈತು’ ರೂಪವನ್ನು ನಾವು ಬರವಣಿಗೆಯಲ್ಲಿ ಬಿಟ್ಟೇಬಿಟ್ಟಿದ್ದೇವೆ. ನಾನು ಮತ್ತೆ ತಂದೆ. ‘ಪರ್‌ಹ್ಯಾಪ್ಸ್’ ಇದ್ದ ಕಡೆ ‘ಬಹುಶಃ’ ಹಾಕಿದರೆ ಓದುಗರು ‘ಹೆಚ್ಚುಕಡಿಮೆ ಹೌದು’ ಎಂದು ಓದುತ್ತಾರೆ, ಕೇಳಿ ನೋಡಿದ್ದೇನೆ. ‘ಇದ್ದೀತು’ ಎಂದರೆ ಸರಿಯಾದ ತೂಕ ಬರುತ್ತದೆ.

ಇಷ್ಟಾದರೂ ಇನ್ನೊಂದು ತೂತು ಉಳಿದಿತ್ತು. ಓದುವಾಗ ಬಣ್ಣ ಸರಿ ಬೀಳುತ್ತಿತ್ತು, ಬರೆದಾಗ ಕಾಣೆಯಾಗುತ್ತಿತ್ತು. ಕಾರಣ ನಮ್ಮ ಒಳ್ಳೆಯ ಅಭ್ಯಾಸವೇ. ಇಂಗ್ಲಿಷಿನ ಉದ್ದ ಸಾಲನ್ನು ಒಡೆದು ಎರಡು ಮಾಡುತ್ತೇವೆ. ‘ಈ ಔಷಧ ಊತ ಇಳಿಸಬಹುದು, ಅದರಿಂದ ನೋವು ಕಡಿಮೆಯಾಗುತ್ತದೆ’ ಎಂಬಂಥ ಸಾಲು ತೆಗೆದುಕೊಳ್ಳಿ. ಒಡೆದಾಗ ‘ಬಹುದು’ ಮೊದಲ ತುಂಡಿಗೆ ಅಂಟಿಕೊಳ್ಳುತ್ತದೆ. ಎರಡನೇ ತುಂಡು ‘ಇದರಿಂದ ನೋವು ಕಡಿಮೆಯಾಗುತ್ತದೆ’ ಎಂದು ತಲೆ ಎತ್ತಿ ನಿಲ್ಲುತ್ತದೆ. ಮೂಲದಲ್ಲಿ ಅದು ಊತ ಇಳಿದರೆ ಮಾತ್ರ. ಈಗ ಸಾಲು ಒಡೆದಾಗಲೆಲ್ಲ ಎರಡನೇ ತುಂಡಿನ ಕ್ರಿಯಾಪದದ ಕೆಳಗೆ ಮತ್ತೆ ಗೆರೆ ಎಳೆಯುತ್ತೇನೆ. ನನ್ನ ಹಳೆಯ ಲೇಖನ ಹತ್ತನ್ನು ಹೀಗೆ ತಿರುಗಿ ನೋಡಿದೆ. ಆರೋ ಏಳೋ ಲೇಖನಗಳಲ್ಲಿ ಈ ತಪ್ಪು ಸಿಕ್ಕಿತು. ನಾಚಿಕೆಯಾಯಿತು.

ಮಧ್ಯೆ ಒಂದು ಹವ್ಯಾಸಿ ಪ್ರಯೋಗವೂ ಆಯಿತು. ಐಪಿಸಿಸಿ ವರದಿಗಳಲ್ಲಿ, ಭೂಮಿ ಬಿಸಿಯಾಗಲು ಮನುಷ್ಯ ಕಾರಣ ಎಂಬ ಒಂದೇ ಹೇಳಿಕೆಯನ್ನು ವರ್ಷವರ್ಷ ಹುಡುಕಿದೆ. 2001ರಲ್ಲಿ ‘ಲೈಕ್ಲಿ’. 2007ರಲ್ಲಿ ‘ವೆರಿ ಲೈಕ್ಲಿ’. 2013ರಲ್ಲಿ ‘ಎಕ್ಸ್‌ಟ್ರೀಮ್ಲಿ ಲೈಕ್ಲಿ’. 2021ರಲ್ಲಿ ಪದವೇ ಬದಲಾಗಿ, ಮನುಷ್ಯನ ಪ್ರಭಾವ ‘ನಿಸ್ಸಂದೇಹ’ ಎಂದರು. ಒಂದು ಪ್ರಬಂಧದ ಒಳಗೆ ನೋಡುವುದಕ್ಕಿಂತ, ಒಂದೇ ಹೇಳಿಕೆ ಕಾಲಕಾಲಕ್ಕೆ ಯಾವ ಮೆಟ್ಟಿಲಲ್ಲಿ ನಿಂತಿದೆ ಎಂದು ನೋಡಿದರೆ ಎಷ್ಟೋ ಬೇಗ ತಿಳಿಯುತ್ತದೆ. ಈಗ ಯಾವ ತಂಡದ ಸುದ್ದಿ ಬಂದರೂ ಅವರದೇ ಹಿಂದಿನ ಪ್ರಬಂಧ ತೆಗೆದು ಪಕ್ಕದಲ್ಲಿ ಇಟ್ಟುಕೊಳ್ಳುತ್ತೇನೆ.

ಸಂಪಾದಕರಿಗೆ ಇದು ಯಾವುದೂ ಹಿಡಿಸಲಿಲ್ಲ. “ಏನ್ರೀ, ಪ್ರತಿ ಸಾಲಿಗೂ ಈತು ಬಹುದು ಅಂದ್ರೆ ಓದೋರು ಎದ್ದು ಹೋಗ್ತಾರೆ” ಎನ್ನುತ್ತಿದ್ದರು. ಮಾತು ಸುಳ್ಳಲ್ಲ. ಒಂದು ಲೇಖನಕ್ಕೆ ನಾಲ್ಕು ಗಂಟೆ ಬದಲು ಏಳು ಗಂಟೆ ಹಿಡಿಯುತ್ತಿತ್ತು, ಪದಕ್ಕೆ ಅದೇ ರೇಟು.

2025ರ ಏಪ್ರಿಲ್‌ನಲ್ಲಿ, ಬೇರೊಂದು ನಕ್ಷತ್ರವನ್ನು ಸುತ್ತುವ ಕೆ2-18ಬಿ ಗ್ರಹದ ಸುದ್ದಿ ಬಂದಾಗ ಗಾಳಿ ತಿರುಗಿತು. ಕೇಂಬ್ರಿಜ್ ತಂಡದ ಪ್ರಬಂಧ. ನಮ್ಮ ದೇಶದಲ್ಲಿ ಹುಟ್ಟಿದ ನಿಕ್ಕು ಮಧುಸೂದನ್ ಅದರ ಮುಖ್ಯಸ್ಥರು, ಹಾಗಾಗಿ ಇಲ್ಲಿ ಸಂಭ್ರಮ ಜಾಸ್ತಿ. ‘ಜೀವಿ ಪತ್ತೆ’ ಎಂಬ ಧಾಟಿಯ ಶೀರ್ಷಿಕೆಗಳು ನನ್ನ ಫೋನ್ ತುಂಬ. ಪೆನ್ಸಿಲ್ ಹಿಡಿದು ಪ್ರಬಂಧಕ್ಕೆ ಹೋದೆ. ಅನಿಲ ಯಾವುದು ಎಂಬಲ್ಲೇ ಅನುಮಾನ ಇತ್ತು: ಡೈಮೀಥೈಲ್ ಸಲ್ಫೈಡ್, ಇಲ್ಲವೇ ಡೈಮೀಥೈಲ್ ಡೈಸಲ್ಫೈಡ್, ಇಲ್ಲವೇ ಎರಡೂ. ಆ ‘ಇಲ್ಲವೇ’ ಕೂಡ ಕೆಂಪೇ, ಅದನ್ನು ಯಾರೂ ಎಣಿಸುವುದಿಲ್ಲ. ಕಂಡದ್ದು ಬರೀ ಆಕಸ್ಮಿಕ ಅಲ್ಲ ಎಂಬ ಖಾತ್ರಿಯನ್ನು ಸಿಗ್ಮಾದಲ್ಲಿ ಹೇಳುತ್ತಾರೆ, ಹೆಚ್ಚಿದಷ್ಟೂ ಗಟ್ಟಿ. ಇಲ್ಲಿ ಅದು ಮೂರು ಸಿಗ್ಮಾ. ಆ ಕ್ಷೇತ್ರದಲ್ಲಿ ಪತ್ತೆಯಾಯಿತು ಎನ್ನಲು ಐದು ಬೇಕು. ನಾನು ಬರೆದೆ: “ಈ ಎರಡರಲ್ಲಿ ಒಂದಾದರೂ ಅನಿಲ ಇದ್ದೀತು ಎಂಬ ಸುಳಿವು ಸಿಕ್ಕಿದೆ. ಇದ್ದರೆ, ಅದು ಜೀವಿಯಿಂದಲೇ ಬಂತೇ ಎಂಬುದು ಬೇರೆ ಪ್ರಶ್ನೆ.” ಸಂಪಾದಕರು ಗೊಣಗಿಕೊಂಡೇ ಹಾಕಿದರು. ಕೆಲವೇ ವಾರಗಳಲ್ಲಿ ಬೇರೆಯವರು ಅದೇ ಮಾಹಿತಿಯನ್ನು ಮತ್ತೆ ಲೆಕ್ಕ ಹಾಕಿ, ಸುಳಿವು ಅಷ್ಟು ಗಟ್ಟಿ ಇಲ್ಲ ಎಂದರು. ನಮ್ಮ ಮಾಸಿಕ ತಿದ್ದುಪಡಿ ಹಾಕಬೇಕಾಗಿ ಬರಲಿಲ್ಲ. ಮುಂದಿನ ತಿಂಗಳಿಂದ ನನಗೆ ಪದಕ್ಕೆ 1 ರೂಪಾಯಿ 10 ಪೈಸೆ.

‘ವುಡ್’ ಮಾತ್ರ ಇನ್ನೂ ಪೂರ್ತಿ ಕೈಗೆ ಸಿಕ್ಕಿಲ್ಲ. ಅದು ಬಂದ ಕಡೆ ಎಲ್ಲೋ ಒಂದು ‘ಇದ್ದರೆ’ ಬಚ್ಚಿಟ್ಟುಕೊಂಡಿರುತ್ತದೆ, ಕೆಲವೊಮ್ಮೆ ಎರಡು ಪ್ಯಾರಾ ಹಿಂದೆ. ಆ ‘ಇದ್ದರೆ’ ಸಿಗುವ ತನಕ ಆ ಸಾಲನ್ನು ಅನುವಾದ ಮಾಡದೆ ಖಾಲಿ ಬಿಡುತ್ತೇನೆ. ಹುಡುಕಿದರೂ ಸಿಗದಿದ್ದರೆ, ಅದು ಬರೀ ಮರ್ಯಾದೆಯ ‘ವುಡ್’, ವಾಟ್ಸನ್ ಮತ್ತು ಕ್ರಿಕ್ ಅವರ ಮೊದಲ ಸಾಲಿನ ಹಾಗೆ. ಹತ್ತರಲ್ಲಿ ಒಂದು ಈಗಲೂ ತಪ್ಪುತ್ತದೆ. ಹೋದ ವಾರದ ಲೇಖನದಲ್ಲೂ ಒಂದು ಖಾಲಿ ಬಿಟ್ಟು ಕಳಿಸಿದ್ದೆ. “ಇಲ್ಲೇನು ಬರಬೇಕು?” ಎಂದು ಸಂಪಾದಕರೇ ಫೋನ್ ಮಾಡಿ ಕೇಳಿದರು.