ಬಿಸಿಲಲ್ಲಿ ಫೋನ್ ಓದುವುದಕ್ಕೆ ನಾನು ಮಾಡಿಕೊಂಡ ಸೆಟ್ಟಿಂಗ್

ನನ್ನ ಕೆಲಸದ ಬಹುಪಾಲು ಬಯಲಲ್ಲೇ. ಕಾಗದಪತ್ರಗಳೆಲ್ಲ ಈಗ ಪಿಡಿಎಫ್ ಆಗಿ ಫೋನಿಗೇ ಬರುತ್ತವೆ. ಹಾಗಾಗಿ ಮಟಮಟ ಮಧ್ಯಾಹ್ನ ನಿಂತುಕೊಂಡೇ ಪುಟಗಟ್ಟಲೆ ಓದಬೇಕಾಗುತ್ತದೆ. ಬ್ರೈಟ್‌ನೆಸ್ ಪೂರ್ತಿ ಏರಿಸಿದರೆ ಮುಗೀತು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ, ಅಲ್ವಾ? ನನ್ನ ಪ್ರಕಾರ ಅದು ಅರ್ಧ ಕೆಲಸ ಅಷ್ಟೇ. ಇನ್ನರ್ಧ ಗಾಜಿನಲ್ಲಿ ಕಾಣುವ ಪ್ರತಿಬಿಂಬದ್ದು.

ಬಿಸಿಲಿಗೆ ಹೋಗಿ, ಓದುವಾಗ ಹಿಡಿಯುವ ಹಾಗೆಯೇ ಫೋನ್ ಹಿಡಿದು ಸ್ಕ್ರೀನ್ ಆಫ್ ಮಾಡಿ ನೋಡಿ. ಕಪ್ಪು ಗಾಜಿನಲ್ಲಿ ಆಕಾಶ ಕಾಣುತ್ತದೋ, ಹಿಂದಿನ ಬಿಳಿ ಗೋಡೆಯೋ, ನಿಮ್ಮ ಅಂಗಿಯೋ? ಅಲ್ಲಿ ಯಾವುದು ಹೊಳೆಯುತ್ತದೆಯೋ ಅದೇ ನಿಮ್ಮ ಅಕ್ಷರಗಳ ಮೇಲೆ ಕೂರುವುದು. ಫೋನಿನ ಗಾಜು ಸಾಮಾನ್ಯವಾಗಿ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು ಶೇಕಡಾ 4ರಷ್ಟನ್ನು ವಾಪಸ್ ಕಳಿಸುತ್ತದೆ. ಕೇಳುವುದಕ್ಕೆ ಕಡಿಮೆ, ಆದರೆ ಮೇಲೆ ಬೀಳುವ ಬೆಳಕನ್ನು ಅಳೆಯುವ ಲಕ್ಸ್ ಲೆಕ್ಕದಲ್ಲಿ ನೇರ ಬಿಸಿಲು ಅಂದರೆ ಸುಮಾರು 1,00,000 ಲಕ್ಸ್. ಮನೆಯೊಳಗೆ ಕೆಲವು ನೂರು ಲಕ್ಸ್ ಇದ್ದರೆ ಜಾಸ್ತಿ.

ಒಂದು ಲೆಕ್ಕ ಹಾಕಿದರೆ ಇದು ಸ್ಪಷ್ಟವಾಗುತ್ತದೆ. ಒಂದು ಜಾಗದಿಂದ ಕಣ್ಣಿಗೆ ಬರುವ ಹೊಳಪನ್ನು ನಿಟ್ಸ್‌ನಲ್ಲಿ ಅಳೆಯುತ್ತಾರೆ. ಫೋನಿನ ಬಿಳಿ ಪುಟ 1000 ನಿಟ್ಸ್ ಬೆಳಕು ಕೊಡುತ್ತಿದೆ ಅಂದುಕೊಳ್ಳಿ. ನೀವು ಬಿಳಿ ಅಂಗಿ ಹಾಕಿದ್ದೀರಿ, ಅದರ ಮೇಲೆ ನೇರ ಬಿಸಿಲು ಬೀಳುತ್ತಿದೆ. ಆ ಅಂಗಿಯ ಹೊಳಪು ಸುಮಾರು 25,000 ನಿಟ್ಸ್. ಅದರಲ್ಲಿ ಶೇಕಡಾ 4 ಅಂದರೆ 1000 ನಿಟ್ಸ್ ಗಾಜಿನಿಂದ ನಿಮ್ಮ ಕಣ್ಣಿಗೆ ಬರುತ್ತದೆ. ಆಗ ಬಿಳಿ ಪುಟ 2000, ಕಪ್ಪು ಅಕ್ಷರ 1000. ಎರಡರ ನಡುವಿನ ಅನುಪಾತ ಬರೀ 2. ವೆಬ್ ಪುಟಗಳ ಮಾನದಂಡ ಸಾಮಾನ್ಯ ಗಾತ್ರದ ಅಕ್ಷರಕ್ಕೆ ಕನಿಷ್ಠ 4.5 ಇರಬೇಕು ಅನ್ನುತ್ತದೆ. ಅದೇ ಜಾಗದಲ್ಲಿ ಕಡುನೀಲಿ ಅಂಗಿ ಇದ್ದರೆ ಪ್ರತಿಬಿಂಬ ಸುಮಾರು 65 ನಿಟ್ಸ್‌ಗೆ ಇಳಿದು, ಅನುಪಾತ 16ರ ಹತ್ತಿರ ಹೋಗುತ್ತದೆ. ಗಾಜಿನ ಮೇಲಿನ ಕೊಳೆ, ಗೀರು ಇದನ್ನು ಸ್ವಲ್ಪ ಕೆಡಿಸುತ್ತವೆ, ಆದರೂ ಬ್ರೈಟ್‌ನೆಸ್ ಒಂದನ್ನೇ ಏರಿಸಿ ಇಷ್ಟು ಗಳಿಸಲು ಯಾವ ಫೋನಿಗೂ ಆಗುವುದಿಲ್ಲ.

ಹಾಗಾಗಿ ನಾನು ಸೂರ್ಯನಿಗೆ ಬೆನ್ನು ಹಾಕಿ ನಿಲ್ಲುತ್ತೇನೆ. ನನ್ನ ನೆರಳು ಫೋನಿನ ಮೇಲೆ ಬೀಳುತ್ತದೆ, ಅಂಗಿಯ ಮುಂಭಾಗವೂ ನೆರಳಲ್ಲೇ ಇರುತ್ತದೆ. ನೆತ್ತಿಯ ಮೇಲೆ ಸೂರ್ಯ ಇದ್ದಾಗ ಫೋನನ್ನು ಅಂಗೈ ಮೇಲೆ ಮಲಗಿಸಬಾರದು, ಆಗ ಪೂರ್ತಿ ಆಕಾಶ ಅದರಲ್ಲಿ ಕೂರುತ್ತದೆ. ಎದೆಯ ಮಟ್ಟಕ್ಕೆ ಎತ್ತಿ ನೆಟ್ಟಗೆ ಹಿಡಿದರೆ ಅಂಗಿಯೇ ಕಾಣುತ್ತದೆ. ಮತ್ತೆ, ಗಾಜು ಒರೆಸಿಕೊಳ್ಳಿ. ಬೆರಳಿನ ಜಿಡ್ಡು ಒಳಗೆ ಕಾಣದಿದ್ದರೂ ಬಿಸಿಲಲ್ಲಿ ಮಂಜಿನ ಹಾಗೆ ಹರಡಿಕೊಳ್ಳುತ್ತದೆ.

ಈಗ ಸೆಟ್ಟಿಂಗ್‌ಗೆ ಬರೋಣ. ಬಿಸಿಲಲ್ಲಿ ಓದುವವರು ಆಟೋ ಬ್ರೈಟ್‌ನೆಸ್ ಆಫ್ ಮಾಡಿ ಸ್ಲೈಡರ್ ಕೊನೆಗೆ ತಳ್ಳುವುದನ್ನು ಆಗಾಗ ನೋಡುತ್ತೇನೆ. ಬಹಳಷ್ಟು ಒಎಲ್ಇಡಿ ಫೋನ್‌ಗಳಲ್ಲಿ ಇದರಿಂದ ಬೆಳಕು ಕಡಿಮೆಯೇ ಸಿಗುತ್ತದೆ. ಕೈಯಲ್ಲಿ ತಳ್ಳುವ ಸ್ಲೈಡರ್‌ಗೆ ಒಂದು ಮಿತಿ ಇರುತ್ತದೆ. ಅದರ ಮೇಲಿನ ಬೆಳಕನ್ನು, ಹೊರಗೆ ನಿಜವಾಗಿಯೂ ಬಿಸಿಲಿದೆ ಅಂತ ಸೆನ್ಸರ್ ಹೇಳಿದಾಗ ಮಾತ್ರ ಫೋನ್ ಬಿಡುತ್ತದೆ. 2022ರ ಐಫೋನ್ 14 ಪ್ರೊ ಇದಕ್ಕೆ ಉದಾಹರಣೆ: ಮಾಮೂಲಿ ಗರಿಷ್ಠ 1000 ನಿಟ್ಸ್, ಹೊರಗೆ ಬಿಸಿಲಲ್ಲಿ 2000. ಆಂಡ್ರಾಯ್ಡ್‌ನಲ್ಲಿ Display ಒಳಗೆ `Adaptive brightness` ಅಥವಾ ಅಂಥದೇ ಹೆಸರಲ್ಲಿ ಸಿಗುತ್ತದೆ. ಐಫೋನ್‌ನಲ್ಲಿ `Auto-Brightness` ಇರುವುದು Accessibility ಒಳಗಿನ Display & Text Size ಪುಟದ ಕೆಳಗೆ. ಅಲ್ಲಿ ಯಾಕಿಟ್ಟರೋ!

ಆನ್ ಮಾಡಿದ ಮೇಲೂ ಬೆಳಕು ಏರದಿದ್ದರೆ ಸೆನ್ಸರ್ ನೋಡಿ. ಅದು ಸಾಮಾನ್ಯವಾಗಿ ಸ್ಪೀಕರ್ ಕಂಡಿಯ ಅಕ್ಕಪಕ್ಕ, ಸ್ಕ್ರೀನಿನ ಮೇಲಂಚಿನಲ್ಲಿ ಇರುತ್ತದೆ. ಬ್ರೈಟ್‌ನೆಸ್ ಸ್ಲೈಡರ್ ಕಾಣುವ ಹಾಗೆ ಇಟ್ಟುಕೊಂಡು ಆ ಜಾಗವನ್ನು ಹೆಬ್ಬೆರಳಿನಿಂದ ಮುಚ್ಚಿ, ಕೆಲವು ಸೆಕೆಂಡ್ ಬಿಟ್ಟು ತೆಗೆಯಿರಿ. ಸ್ಲೈಡರ್ ಅಥವಾ ಬೆಳಕು ಇಳಿದು ಮತ್ತೆ ಏರಬೇಕು. ಏನೂ ಆಗದಿದ್ದರೆ ಸ್ಕ್ರೀನ್ ಗಾರ್ಡ್ ಅಥವಾ ಕವರ್ ಅಡ್ಡ ಬಂದಿರಬಹುದು. ಇನ್ನೊಂದು ಸೂಕ್ಷ್ಮ ಇದೆ: ನಾನು ಹೇಳಿದ ಹಾಗೆ ಫೋನನ್ನು ನೆರಳಿನಲ್ಲಿ ಹಿಡಿದರೆ ಸೆನ್ಸರ್‌ಗೂ ನೆರಳೇ, ಬೆಳಕು ಒಂದಿಷ್ಟು ಇಳಿಯಬಹುದು. ಚಿಂತೆಯಿಲ್ಲ, ಪ್ರತಿಬಿಂಬ ಅದಕ್ಕಿಂತ ಹೆಚ್ಚು ಇಳಿದಿರುತ್ತದೆ.

ಓದುವ ಆ್ಯಪ್‌ಗಳದ್ದೇ ಒಂದು ತಕರಾರು. ಕೆಲವಕ್ಕೆ ತಮ್ಮದೇ ಬ್ರೈಟ್‌ನೆಸ್ ಸ್ಲೈಡರ್ ಇರುತ್ತದೆ. ಹಿಂದಿನ ರಾತ್ರಿ ಹಾಸಿಗೆಯಲ್ಲಿ ಓದುವಾಗ ಇಳಿಸಿದ್ದು ಹಾಗೇ ಉಳಿದಿರುತ್ತದೆ. ಹೋಮ್ ಸ್ಕ್ರೀನ್ ಚೆನ್ನಾಗಿ ಕಾಣುತ್ತಿದ್ದು, ಆ್ಯಪ್ ತೆರೆದ ಕೂಡಲೇ ಮಂಕಾದರೆ ಕಾರಣ ಇದೇ. ಆ್ಯಪ್‌ನಲ್ಲಿ ಸಿಸ್ಟಮ್ ಬ್ರೈಟ್‌ನೆಸ್ ಆಯ್ಕೆ ಮಾಡಿ. `Night Light`, `Extra dim`, ಬ್ಯಾಟರಿ ಸೇವರ್ ಇವನ್ನೂ ಆಫ್ ಮಾಡಿಬಿಡಿ.

ಡಾರ್ಕ್ ಮೋಡ್ ಹೊರಗೆ ಬೇಡ. ಕಪ್ಪು ಜಾಗ ಜಾಸ್ತಿ ಇದ್ದಷ್ಟೂ ನಿಮ್ಮ ಮುಖ, ಹಿಂದಿನ ಮರ ಎಲ್ಲ ಅಲ್ಲಿ ಸ್ಪಷ್ಟವಾಗಿ ಕಂಡು ಕಣ್ಣು ಅತ್ತ ಎಳೆಯುತ್ತದೆ. ಮೇಲಾಗಿ ಡಾರ್ಕ್ ಥೀಮ್‌ಗಳ ಅಕ್ಷರ ಅಚ್ಚ ಬಿಳಿ ಇರುವುದು ಕಡಿಮೆ, ಬೂದುಬಣ್ಣವೇ ಹೆಚ್ಚು. ಕಾಗದದ ಬಣ್ಣದ ಹಳದಿ ಥೀಮ್ ನನಗೆ ಮನೆಯಲ್ಲಿ ಬಲು ಇಷ್ಟ, ಆದರೆ ಬಿಸಿಲಲ್ಲಿ ಅದೂ ಬೆಳಕು ತಿನ್ನುತ್ತದೆ. ಅಚ್ಚ ಬಿಳಿ ಮೇಲೆ ಅಚ್ಚ ಕಪ್ಪು, ಅಷ್ಟೇ.

ಕನ್ನಡ ಓದುವವರು ಅಕ್ಷರದ ಗಾತ್ರವನ್ನು ಇಂಗ್ಲಿಷ್‌ಗಿಂತ ಒಂದೆರಡು ಮೆಟ್ಟಿಲು ಹೆಚ್ಚು ಇಟ್ಟುಕೊಳ್ಳಬೇಕು. ಬಿಸಿಲಲ್ಲಿ ಮೊದಲು ಮಾಯವಾಗುವುದು ಸಣ್ಣ ಗೆರೆಗಳು. ‘ದ’ಗೂ ‘ಧ’ಗೂ, ‘ಪ’ಗೂ ‘ಫ’ಗೂ ಇರುವ ವ್ಯತ್ಯಾಸ ಅಡಿಯಲ್ಲಿನ ಒಂದು ಪುಟ್ಟ ಗೀಟು. ಒತ್ತಕ್ಷರಗಳಂತೂ ಇನ್ನೂ ಚಿಕ್ಕವು. ನಾನು ಗಾತ್ರ ಸರಿಯಿದೆಯೇ ಅಂತ ನೋಡುವುದೂ ಹೀಗೆಯೇ: ‘ಸ್ತ್ರೀ’, ‘ರಾಷ್ಟ್ರ’ ಇಂಥ ಪದದ ಒತ್ತುಗಳು ಕಣ್ಣು ಕಿರಿದು ಮಾಡದೆ ಬೇರೆಬೇರೆಯಾಗಿ ಕಂಡರೆ ಸಾಕು. `Bold text` ಆನ್ ಮಾಡಿದರೆ ಒಳ್ಳೆಯದು, ಆದರೆ ಗಾತ್ರ ಏರಿಸದೆ ಬರೀ ದಪ್ಪ ಮಾಡಿದರೆ ಒತ್ತಿನೊಳಗಿನ ಸಂದು ಮುಚ್ಚಿಹೋಗುತ್ತದೆ. ಎರಡೂ ಒಟ್ಟಿಗೆ ಮಾಡಿ. ಪಿಡಿಎಫ್‌ಗೆ ಈ ಸೆಟ್ಟಿಂಗ್ ತಾಗುವುದಿಲ್ಲ, ಅಲ್ಲಿ ಫೋನ್ ಅಡ್ಡ ಹಿಡಿದು ಹಿಗ್ಗಿಸಿಕೊಳ್ಳುವುದೇ ದಾರಿ.

ಅಡ್ಡ ಹಿಡಿದಾಗ ಸ್ಕ್ರೀನ್ ಏಕಾಏಕಿ ಕಪ್ಪಾದರೆ ಫೋನ್ ಕೆಟ್ಟಿಲ್ಲ. ಪೋಲರೈಸ್ಡ್ ಕನ್ನಡಕ ಹಾಕಿದ್ದೀರಾ ನೋಡಿ, ತೆಗೆದರೆ ಸರಿಹೋಗುತ್ತದೆ.

ಕೊನೆಗೆ ಬಿಸಿ. ಇದಕ್ಕೆ ಪೂರ್ತಿ ಪರಿಹಾರ ಇಲ್ಲ. ಗರಿಷ್ಠ ಬೆಳಕಿನಲ್ಲಿ ಸ್ಕ್ರೀನೇ ಬಿಸಿಯಾಗುತ್ತದೆ, ಮೇಲಿಂದ ಬಿಸಿಲೂ ಕಾಯಿಸುತ್ತದೆ. ಐಫೋನನ್ನು 35 ಡಿಗ್ರಿ ಸೆಲ್ಸಿಯಸ್‌ವರೆಗಿನ ವಾತಾವರಣದಲ್ಲಿ ಬಳಸಿ ಅಂತ ಅದನ್ನು ಮಾಡಿದವರೇ ಹೇಳುತ್ತಾರೆ. ಫೋನ್ ಅತಿಯಾಗಿ ಬಿಸಿಯಾದಾಗ ತಾನೇ ಬೆಳಕು ಇಳಿಸುತ್ತದೆ. ಗುರುತು ಸುಲಭ: ಸ್ಲೈಡರ್ ಕೊನೆಯಲ್ಲೇ ಇರುತ್ತದೆ, ಪುಟ ಮಂಕಾಗಿರುತ್ತದೆ, ಬೆನ್ನು ಮುಟ್ಟಿದರೆ ಸುಡುತ್ತದೆ. ಆಗ ಸೆಟ್ಟಿಂಗ್ ತಡಕಾಡುವುದು ಸುಮ್ನೆ ದಂಡ. ಕವರ್ ತೆಗೆದು, ಪವರ್ ಬ್ಯಾಂಕ್ ಮತ್ತು ಹಾಟ್‌ಸ್ಪಾಟ್ ಬಿಡಿಸಿ, ಸ್ಕ್ರೀನ್ ಆಫ್ ಮಾಡಿ ನೆರಳಲ್ಲಿ ಗಾಳಿಯಾಡುವ ಕಡೆ ಇಡುತ್ತೇನೆ. ಫ್ರಿಜ್‌ಗೆ ಮಾತ್ರ ಇಡಬೇಡಿ, ಒಳಗೆ ತೇವ ಕೂರಬಹುದು. ಇಡೀ ದಿನ ಬಿಸಿಲಲ್ಲಿ ಓದುವುದಿದ್ದರೆ, ಬೇಕಾದ ಪುಟಗಳನ್ನು ಬೆಳಿಗ್ಗೆಯೇ ಡೌನ್‌ಲೋಡ್ ಮಾಡಿಕೊಂಡು ಫ್ಲೈಟ್ ಮೋಡ್‌ನಲ್ಲಿ ಓದುತ್ತೇನೆ. ಹಾಗೆ ಮಾಡಿದಾಗ ಬೆಳಕು ಇಳಿಯುವುದು ತಡವಾಗುತ್ತದೆ.