ಟ್ರೇನಿಂಗ್ ಎರರ್ ಸೊನ್ನೆ ಬಂದಾಗ ನಾನು ಏನು ನೋಡುತ್ತೇನೆ

ಗೇಟ್ ಪರೀಕ್ಷೆಯಲ್ಲಿ ಡೇಟಾ ಸೈನ್ಸ್ ಮತ್ತು ಎಐ ಪತ್ರಿಕೆ ಶುರುವಾಗಿದ್ದು 2024ರಲ್ಲಿ. ಆ ವರ್ಷ ಪರೀಕ್ಷೆ ನಡೆಸಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ. ಅದರ ಮುಂದಿನ ಸುತ್ತಿಗೆ ನಾನು ಓದಲು ಕೂತೆ. ಸಿಲಬಸ್‌ನಲ್ಲಿ ಬಯಾಸ್-ವೇರಿಯನ್ಸ್ ಅಂತ ಒಂದೇ ಸಾಲು ಇತ್ತು. ವ್ಯಾಖ್ಯೆ ಬಾಯಿಗೆ ಬರುತ್ತಿತ್ತು, ಆದರೆ ಅಣಕು ಪರೀಕ್ಷೆಗಳಲ್ಲಿ ಆ ವಿಷಯದ ಪ್ರಶ್ನೆಗಳೇ ಮೇಲಿಂದ ಮೇಲೆ ತಪ್ಪುತ್ತಿದ್ದವು. ಹೆಚ್ಚು ಪೆಟ್ಟು ಬಿದ್ದದ್ದು ಒಂದಕ್ಕಿಂತ ಹೆಚ್ಚು ಸರಿಯುತ್ತರ ಇರುವ ಪ್ರಶ್ನೆಗಳಲ್ಲಿ. ಅಲ್ಲಿ ತಪ್ಪಿಗೆ ಅಂಕ ಕಳೆಯುವುದಿಲ್ಲ ನಿಜ, ಆದರೆ ಸರಿಯಾದವನ್ನೆಲ್ಲ ಆರಿಸದಿದ್ದರೆ ಅರ್ಧ ಅಂಕವೂ ಸಿಗುವುದಿಲ್ಲ.

ನಾನು ತಪ್ಪು ಮಾಡಿದ ಒಂದು ಪ್ರಶ್ನೆಯ ರೂಪ ಹೀಗಿತ್ತು. ಒಂದು ಮಾಡೆಲ್‌ನ ಟ್ರೇನಿಂಗ್ ಎರರ್, ಅಂದರೆ ಕಲಿತ ಡೇಟಾದಲ್ಲೇ ಆಗುವ ತಪ್ಪು, ಶೇ. 8. ವ್ಯಾಲಿಡೇಶನ್ ಎರರ್, ಅಂದರೆ ಕಲಿಯದೆ ಬದಿಗಿಟ್ಟ ಡೇಟಾದಲ್ಲಿ ಆಗುವ ತಪ್ಪು, ಶೇ. 9. ಇದೇ ಕೆಲಸವನ್ನು ಅನುಭವಿ ಮನುಷ್ಯರು ಮಾಡಿದರೆ ಶೇ. 1ರಷ್ಟು ತಪ್ಪು. ಯಾವ ಹೇಳಿಕೆಗಳು ಸರಿ? ವ್ಯಾಲಿಡೇಶನ್ ಎರರ್ ಜಾಸ್ತಿ ಇದೆಯಲ್ಲ, ಮಾಡೆಲ್ ಕಂಡ ಡೇಟಾವನ್ನು ಬಾಯಿಪಾಠ ಮಾಡಿದೆ, ಓವರ್‌ಫಿಟ್ಟಿಂಗ್ ಅಂದುಕೊಂಡೆ. ಮಾಡೆಲ್ ಜಟಿಲವಾಗದಂತೆ ಬಿಗಿಯುವ ರೆಗ್ಯುಲರೈಸೇಶನ್ ಹೆಚ್ಚಿಸಬೇಕು, ಇನ್ನಷ್ಟು ಡೇಟಾ ತರಬೇಕು ಎಂಬ ಎರಡನ್ನೂ ಆರಿಸಿದೆ. ಎರಡೂ ತಪ್ಪು.

ಹಾಸ್ಟೆಲ್‌ನಲ್ಲಿ ನನ್ನ ಜೊತೆ ಓದುತ್ತಿದ್ದ ಅಕ್ಕನೊಬ್ಬಳಿಗೆ ತೋರಿಸಿದೆ. ಅವಳು ಕೇಳಿದ್ದು ಒಂದೇ ಮಾತು: "ಶೇಕಡಾ ಎಂಟು ಅಂದ್ರೆ ಜಾಸ್ತಿನಾ, ಕಡಿಮೆನಾ? ಯಾವುದಕ್ಕೆ ಹೋಲಿಸಿ ಹೇಳ್ತಿದ್ದೀಯ?"

ನನ್ನ ತಪ್ಪು ಅಲ್ಲೇ ಇತ್ತು. ಟ್ರೇನಿಂಗ್ ಮತ್ತು ವ್ಯಾಲಿಡೇಶನ್ ಮಾತ್ರ ನೋಡುತ್ತಿದ್ದೆ. ನೋಡಬೇಕಾದ ಸಂಖ್ಯೆಗಳು ಮೂರು. ಆ ಕೆಲಸದಲ್ಲಿ ಎಷ್ಟು ತಪ್ಪು ಹೇಗೂ ಉಳಿಯುತ್ತದೆ ಎಂಬುದು ನೆಲಮಟ್ಟ. ನೆಲಮಟ್ಟದಿಂದ ಟ್ರೇನಿಂಗ್‌ವರೆಗಿನ ದೂರ ಬಯಾಸ್‌ನ ಸುಳಿವು, ಟ್ರೇನಿಂಗ್‌ನಿಂದ ವ್ಯಾಲಿಡೇಶನ್‌ವರೆಗಿನ ದೂರ ವೇರಿಯನ್ಸ್‌ನ ಸುಳಿವು. ಈ ಪ್ರಶ್ನೆಯಲ್ಲಿ ಮೊದಲ ದೂರ 7, ಎರಡನೆಯದು ಬರೀ 1. ಮಾಡೆಲ್ ತಾನು ಕಂಡ ಡೇಟಾವನ್ನೇ ಸರಿಯಾಗಿ ಕಲಿತಿಲ್ಲ. ಇನ್ನಷ್ಟು ಬಿಗಿದರೆ ಟ್ರೇನಿಂಗ್ ಎರರ್ ಇನ್ನೂ ಏರುತ್ತದೆ. ಅದೇ 8 ಮತ್ತು 9, ನೆಲಮಟ್ಟ ಶೇ. 7 ಇದ್ದಿದ್ದರೆ, ಅದು ಒಳ್ಳೆಯ ಮಾಡೆಲ್.

ಅವತ್ತಿನಿಂದ ಪ್ರಶ್ನೆಯಲ್ಲಿ ಮೂರನೆಯ ಸಂಖ್ಯೆ ಎಲ್ಲಿ ಅಡಗಿದೆ ಅಂತ ಮೊದಲು ಹುಡುಕುತ್ತೇನೆ. ಕೆಲವೊಮ್ಮೆ ಅದು "ಲೇಬಲ್‌ಗಳಲ್ಲಿ ಶೇ. 10ರಷ್ಟು ತಪ್ಪಿವೆ" ಎಂಬ ಅರ್ಧ ವಾಕ್ಯದಲ್ಲಿರುತ್ತದೆ.

ಇಷ್ಟು ತಿಳಿದರೂ ವೇರಿಯನ್ಸ್ ಎಂಬ ಹೆಸರು ಯಾಕೆ ಬಂತು, ಎರಡು ಎರರ್‌ಗಳ ಅಂತರಕ್ಕೂ ಅದಕ್ಕೂ ಏನು ಸಂಬಂಧ ಎಂಬುದು ಮನಸ್ಸಿಗೆ ಇಳಿದಿರಲಿಲ್ಲ. ಅದು ಇಳಿದದ್ದು ಒಂದು ಸಂಜೆ ನೋಟ್‌ಬುಕ್‌ನಲ್ಲಿ ಎಂಟೇ ಬಿಂದುಗಳನ್ನು ಇಟ್ಟುಕೊಂಡು ಕೈಯಲ್ಲಿ ಲೆಕ್ಕ ಮಾಡಿದಾಗ. ಮಾಡೆಲ್ ಸರಳ: ಹೊಸ ಬಿಂದು ಬಂದರೆ ಹತ್ತಿರದ k ನೆರೆಯವರನ್ನು ಕೇಳಿ, ಬಹುಮತ ಎತ್ತ ಇದೆಯೋ ಅತ್ತ ಹೋಗುವುದು.

ಒಂದು ಗೆರೆಯ ಮೇಲೆ 1ರಿಂದ 8ರವರೆಗೆ ಟ್ರೇನಿಂಗ್ ಬಿಂದುಗಳನ್ನು ಹಾಕಿದೆ. ನಿಜವಾದ ನಿಯಮ ಇಷ್ಟೇ: 4ರವರೆಗೆ 'ಅ' ಗುಂಪು, 5ರಿಂದ 'ಬ' ಗುಂಪು. ಆದರೆ 2ನೇ ಬಿಂದುವಿನ ಲೇಬಲ್ಲನ್ನು ಬೇಕೆಂದೇ 'ಬ' ಅಂತ ತಪ್ಪಾಗಿ ಬರೆದೆ. ವ್ಯಾಲಿಡೇಶನ್‌ಗೆ ಬೇರೆ ಎಂಟು: 1.2, 1.7, 2.3, 3.8 ಇವು 'ಅ', 5.2, 6.1, 6.8, 7.7 ಇವು 'ಬ'.

ಮೊದಲು k = 1. ಪ್ರತಿ ಟ್ರೇನಿಂಗ್ ಬಿಂದುವಿಗೂ ಅತಿ ಹತ್ತಿರದ ನೆರೆ ಅದೇ ಬಿಂದು, ಹಾಗಾಗಿ ಟ್ರೇನಿಂಗ್ ಎರರ್ ಸೊನ್ನೆ. ನಾನು ತಪ್ಪಾಗಿ ಬರೆದ ಲೇಬಲ್ಲನ್ನೂ ಅದು "ಸರಿಯಾಗಿ" ಒಪ್ಪಿಸಿತು. ವ್ಯಾಲಿಡೇಶನ್‌ಗೆ ಬಂದಾಗ 1.7 ಮತ್ತು 2.3 ಎರಡೂ ಹೋಗಿ 2ನೇ ಬಿಂದುವನ್ನೇ ಕೇಳಿದವು, ಎರಡೂ ದಾರಿ ತಪ್ಪಿದವು. ಎಂಟರಲ್ಲಿ ಎರಡು, ಶೇ. 25.

ಆಮೇಲೆ k = 3. ಈಗ 2ನೇ ಬಿಂದುವಿನ ಮಾತಿಗೆ 1 ಮತ್ತು 3 ಸೇರಿ ಎದುರು ನಿಂತವು. ಟ್ರೇನಿಂಗ್‌ನಲ್ಲಿ ಆ ಒಂದು ಬಿಂದು ಮಾತ್ರ ತಪ್ಪಿತು, ಶೇ. 12.5. ವ್ಯಾಲಿಡೇಶನ್‌ನಲ್ಲಿ ಎಂಟೂ ಸರಿ. ಟ್ರೇನಿಂಗ್ ಎರರ್ ಏರಿತು, ವ್ಯಾಲಿಡೇಶನ್ ಎರರ್ ಇಳಿಯಿತು. ಟ್ರೇನಿಂಗ್ ಎರರ್ ಏರುವುದು ಒಳ್ಳೆಯ ಸುದ್ದಿಯಾಗಬಹುದು ಎಂಬುದನ್ನು ನಾನು ಕಣ್ಣಾರೆ ಕಂಡದ್ದು ಅದೇ ಮೊದಲು.

ಕೊನೆಗೆ k = 8. ಯಾರೇ ಬಂದರೂ ಎಂಟೂ ಮಂದಿಯನ್ನು ಕೇಳಬೇಕು. 'ಬ' ಐದು, 'ಅ' ಮೂರು, ಹಾಗಾಗಿ ಎಲ್ಲದಕ್ಕೂ 'ಬ'. ಟ್ರೇನಿಂಗ್‌ನಲ್ಲಿ ಮೂರು ತಪ್ಪು, ಶೇ. 37.5, ವ್ಯಾಲಿಡೇಶನ್‌ನಲ್ಲಿ ನಾಲ್ಕು, ಶೇ. 50. ಎರಡೂ ಕಡೆ ಕೆಟ್ಟಿದೆ. ಇದು ಅಂಡರ್‌ಫಿಟ್ಟಿಂಗ್.

ವೇರಿಯನ್ಸ್ ಎಲ್ಲಿದೆ ಅಂತ ನೋಡಲು ಒಂದು ಹೆಜ್ಜೆ ಮುಂದೆ ಹೋದೆ. ಪ್ರತಿ ಲೇಬಲ್ ತಪ್ಪಾಗಿರುವ ಸಂಭವ 0.1 ಅಂತ ಇಟ್ಟುಕೊಂಡು, ಟ್ರೇನಿಂಗ್ ಸೆಟ್ಟನ್ನು ಮತ್ತೆ ಮತ್ತೆ ಹೊಸದಾಗಿ ತಂದರೆ 1.7ರ ಉತ್ತರ ಎಷ್ಟು ಸಲ ತಪ್ಪುತ್ತದೆ? k = 1 ಆದರೆ ಒಬ್ಬನ ಮಾತೇ ತೀರ್ಪು, ಹಾಗಾಗಿ 0.1. k = 3 ಆದರೆ ಮೂವರಲ್ಲಿ ಕನಿಷ್ಠ ಇಬ್ಬರ ಲೇಬಲ್ ತಪ್ಪಿರಬೇಕು:

```
3 × 0.1² × 0.9 + 0.1³ = 0.028
```

ಡೇಟಾ ಸ್ವಲ್ಪ ಬದಲಾದಾಗ ಉತ್ತರ ಎಷ್ಟು ಓಲಾಡುತ್ತದೆ ಎಂಬುದೇ ವೇರಿಯನ್ಸ್. ನೆರೆಯವರು ಮೂವರಾದ ಕೂಡಲೇ ಓಲಾಟ ಕಡಿಮೆಯಾಯಿತು. ಬಿಂದುಗಳು ಹೆಚ್ಚಿದ್ದು k ತುಂಬ ದೊಡ್ಡದಾದರೆ ಓಲಾಟ ಸಾಮಾನ್ಯವಾಗಿ ಇನ್ನೂ ಕಡಿಮೆ, ಆದರೆ ಉತ್ತರ ತಪ್ಪಾದ ಕಡೆ ಗಟ್ಟಿಯಾಗಿ ಕೂತುಬಿಡಬಹುದು; ಅದು ಬಯಾಸ್. ಟ್ರೇನಿಂಗ್-ವ್ಯಾಲಿಡೇಶನ್ ಅಂತರವೇ ವೇರಿಯನ್ಸ್ ಅಲ್ಲ, ಅದರ ಸುಳಿವು ಮಾತ್ರ. ನಿಜವಾದ ವ್ಯಾಖ್ಯೆ ಬೇರೆ ಬೇರೆ ಟ್ರೇನಿಂಗ್ ಸೆಟ್‌ಗಳ ಮೇಲೆ ನಿಂತಿದೆ, ನಮ್ಮ ಕೈಯಲ್ಲಿ ಸಾಮಾನ್ಯವಾಗಿ ಇರುವುದು ಒಂದೇ ಸೆಟ್.

ಇಲ್ಲಿ ಪರೀಕ್ಷಕರು ಇಡುವ ಬಲೆಯೊಂದಿದೆ. k ಹೆಚ್ಚಾದರೆ ಮಾಡೆಲ್ ಸರಳವಾಗುತ್ತದೆ, ಆದರೆ ಡಿಸಿಷನ್ ಟ್ರೀಯ ಆಳ ಅಥವಾ ಪಾಲಿನಾಮಿಯಲ್‌ನ ಡಿಗ್ರಿ ಹೆಚ್ಚಾದರೆ ಜಟಿಲವಾಗುತ್ತದೆ. ರಿಡ್ಜ್ ರಿಗ್ರೆಶನ್‌ನ λ ಹೆಚ್ಚಾದರೆ ಬಿಗಿ ಹೆಚ್ಚು. ಎಸ್‌ವಿಎಂನ C ಹೆಚ್ಚಾದರೆ ಬಿಗಿ ಸಡಿಲ. ಗ್ರಾಫಿನ ಅಡ್ಡ ಅಕ್ಷದಲ್ಲಿ ಏನಿದೆ ಎಂದು ನೋಡದೆ "ಬಲಗಡೆ ಓವರ್‌ಫಿಟ್ಟಿಂಗ್" ಎಂದು ಗುರುತು ಹಾಕಿ ಎರಡು ಅಂಕ ಕಳೆದುಕೊಂಡಿದ್ದೇನೆ. ಈಗ ಮೊದಲು ಅಡ್ಡ ಅಕ್ಷದ ಕೆಳಗೆ ಪೆನ್ಸಿಲ್‌ನಲ್ಲಿ ಒಂದು ಬಾಣ ಬರೆದು, ಯಾವ ಕಡೆ ಜಟಿಲ ಎಂದು ಗುರುತು ಮಾಡಿಕೊಳ್ಳುತ್ತೇನೆ.

ಅಡ್ಡ ಅಕ್ಷದಲ್ಲಿ ಡೇಟಾದ ಪ್ರಮಾಣ ಇದ್ದರೆ ಕಥೆಯೇ ಬೇರೆ. ಅಲ್ಲಿ ಡೇಟಾ ಹೆಚ್ಚಿದಂತೆ ಟ್ರೇನಿಂಗ್ ಎರರ್ ಸಾಮಾನ್ಯವಾಗಿ ಏರುತ್ತದೆ. ಯಾಕೆಂದು ಮೊದಲು ಗೊಂದಲವಾಗಿತ್ತು. ಎರಡೇ ಬಿಂದುಗಳಿದ್ದರೆ ಅವು ಎಲ್ಲಿದ್ದರೂ ಒಂದು ನೇರ ಗೆರೆ ಎರಡನ್ನೂ ಮುಟ್ಟಿ ಹೋಗುತ್ತದೆ, ತಪ್ಪು ಸೊನ್ನೆ. ಮೂರನೆಯದು ಗೆರೆಯ ಮೇಲೆ ಬೀಳದಿದ್ದರೆ ತಪ್ಪು ಶುರು. ಸಾವಿರ ಉದಾಹರಣೆಗಳಲ್ಲಿ ಟ್ರೇನಿಂಗ್ ಶೇ. 14, ವ್ಯಾಲಿಡೇಶನ್ ಶೇ. 19 ಇದ್ದದ್ದು ಹತ್ತು ಸಾವಿರಕ್ಕೆ 15 ಮತ್ತು 16 ಆಯಿತು ಎಂದುಕೊಳ್ಳಿ. ಎರಡು ಗೆರೆಗಳು ಹತ್ತಿರ ಬಂದುಬಿಟ್ಟಿವೆ. ಬೇಕಾದದ್ದು ಶೇ. 5 ಆದರೆ, ಇನ್ನು ಲಕ್ಷ ಉದಾಹರಣೆ ಸುರಿದರೂ ವ್ಯಾಲಿಡೇಶನ್ ಹೆಚ್ಚು ಕೆಳಗೆ ಬರುವ ಭರವಸೆಯಿಲ್ಲ, ಏಕೆಂದರೆ ಟ್ರೇನಿಂಗ್ ಗೆರೆಯೇ 15ರಲ್ಲಿದೆ. ಅಲ್ಲಿ ಬೇಕಾದದ್ದು ಹೊಸ ಫೀಚರ್, ಹೆಚ್ಚು ಶಕ್ತಿಯ ಮಾಡೆಲ್ ಅಥವಾ ಕಡಿಮೆ λ. ಗೆರೆಗಳ ನಡುವೆ ದೊಡ್ಡ ಅಂತರ ಉಳಿದು, ವ್ಯಾಲಿಡೇಶನ್ ಇನ್ನೂ ಇಳಿಯುತ್ತಿದ್ದರೆ ಮಾತ್ರ ಡೇಟಾ ತರುವುದಕ್ಕೆ ಅರ್ಥವಿದೆ.

ಸಂಖ್ಯೆಯಲ್ಲಿ ಉತ್ತರ ಕೇಳುವ ಪ್ರಶ್ನೆಗಳು ನನಗೆ ಈಗ ಇಷ್ಟ, ಅಲ್ಲಿ ಇದೆಲ್ಲ ಒಂದೇ ಸಾಲಿಗೆ ಬರುತ್ತದೆ. ಒಂದು ಬಿಂದುವಿನಲ್ಲಿ ನಿಜವಾದ ಬೆಲೆ 5. ನಾಲ್ಕು ಟ್ರೇನಿಂಗ್ ಸೆಟ್‌ಗಳಿಂದ ಬಂದ ನಾಲ್ಕು ಮಾಡೆಲ್‌ಗಳು ಅಲ್ಲಿ ಹೇಳಿದ್ದು 4, 8, 6, 6. ನಾಯ್ಸ್‌ನ ವೇರಿಯನ್ಸ್ 1. ಸರಾಸರಿ 6, ಆದ್ದರಿಂದ ಬಯಾಸ್ 1, ಅದರ ವರ್ಗವೂ 1. ಸರಾಸರಿಯಿಂದ ದೂರಗಳ ವರ್ಗ 4, 4, 0, 0. ಅವುಗಳ ಸರಾಸರಿ 2, ಅದೇ ವೇರಿಯನ್ಸ್. ಕೇಳಿದ್ದು ತಪ್ಪಿನ ವರ್ಗದ ನಿರೀಕ್ಷಿತ ಸರಾಸರಿ; ಅದು ಬಯಾಸ್‌ನ ವರ್ಗ, ವೇರಿಯನ್ಸ್, ನಾಯ್ಸ್ ಮೂರರ ಮೊತ್ತ:

```
1 + 2 + 1 = 4
```

ತಾಳೆ ನೋಡಲು ಇನ್ನೊಂದು ದಾರಿಯಿದೆ. ನಿಜವಾದ ಬೆಲೆಯಿಂದ ದೂರಗಳ ವರ್ಗ 1, 9, 1, 1, ಸರಾಸರಿ 3. ನಾಯ್ಸ್ ಸೇರಿಸಿದರೆ ಮತ್ತೆ 4. ಈ ತಾಳೆ ಸಿಗದಿದ್ದರೆ ನಾನು ವೇರಿಯನ್ಸ್‌ಗೆ 4ರ ಬದಲು 3ರಿಂದ ಭಾಗಿಸಿರುತ್ತೇನೆ, ಅಥವಾ ಬಯಾಸ್‌ನ ವರ್ಗ ಮಾಡಲು ಮರೆತಿರುತ್ತೇನೆ. ಈ ಉದಾಹರಣೆಯಲ್ಲಿ ಬಯಾಸ್ 1 ಇರುವುದರಿಂದ ಆ ಮರೆವು ಕಾಣಿಸದು. ಹಾಗಾಗಿ ಅಭ್ಯಾಸಕ್ಕೆ ನಿಜವಾದ ಬೆಲೆ 4 ಎಂದು ಬದಲಿಸಿ ಮತ್ತೊಮ್ಮೆ ಮಾಡುತ್ತಿದ್ದೆ. ಆಗ ಉತ್ತರ 7.

ಈಗ ಕೆಲಸದಲ್ಲಿ ನಿಜವಾದ ಮಾಡೆಲ್‌ಗಳನ್ನು ನೋಡುವಾಗ ಪ್ರಶ್ನೆಪತ್ರಿಕೆಯಲ್ಲಿ ಇಲ್ಲದ ಒಂದು ವಿಷಯವನ್ನು ಸೇರಿಸಿಕೊಂಡಿದ್ದೇನೆ: ವ್ಯಾಲಿಡೇಶನ್ ಸೆಟ್ ಎಷ್ಟು ದೊಡ್ಡದು? ಬರೀ 200 ಉದಾಹರಣೆಗಳಲ್ಲಿ ಶೇ. 5 ಎರರ್ ಬಂದರೆ, ಆ ಅಳತೆಯ ಸ್ಟ್ಯಾಂಡರ್ಡ್ ಎರರ್ ಸುಮಾರು ಶೇ. 1.5. ಟ್ರೇನಿಂಗ್ ಎರರ್ ಶೇ. 3 ಎಂದು ಯಾರಾದರೂ "ಓವರ್‌ಫಿಟ್ ಆಗಿದೆ, λ ಏರಿಸೋಣ" ಎಂದು ಬಂದರೆ, ಮೊದಲು ಕ್ರಾಸ್ ವ್ಯಾಲಿಡೇಶನ್ ಮಾಡಿ ಐದು ಭಾಗಗಳ ಐದು ಸಂಖ್ಯೆಗಳನ್ನೂ ತನ್ನಿ ಎನ್ನುತ್ತೇನೆ. ನನ್ನ ಎಂಟು ಬಿಂದುಗಳ ಲೆಕ್ಕದಲ್ಲಿ ಒಂದೇ ಒಂದು ತಪ್ಪಿಗೆ ಶೇ. 12.5 ಅಲುಗುತ್ತಿತ್ತು, ಅದನ್ನು ನಾನು ಮರೆತಿಲ್ಲ.