ರಾಗಿ ಕೊಯ್ಲಿನ ದಿನದಿಂದ ಹಿಂದಕ್ಕೆ ಎಣಿಸಿದೆ

ತಿಪಟೂರು ಕಡೆ ನನ್ನದು 2 ಎಕರೆ ಕೆಂಪು ಮಣ್ಣಿನ ಹೊಲ. ಮಳೆಯನ್ನೇ ನಂಬಿದ ಬೇಸಾಯ. ಜೊತೆಗೆ ಒಂದು ಸಣ್ಣ ಕೃಷಿ ಹೊಂಡ ಇದೆ.

ಮೊದಲೆಲ್ಲ ಜೂನ್‌ನಲ್ಲಿ ಹದ ಸಿಕ್ಕ ಕೂಡಲೇ ರಾಗಿ ಬಿತ್ತುತ್ತಿದ್ದೆ. ಒಂದು ವರ್ಷ ಜೂನ್ 20ಕ್ಕೆ ಜಿಪಿಯು-28 ಬಿತ್ತಿದೆ. ಅದು ಸುಮಾರು 115 ದಿನದ ತಳಿ. ಅಕ್ಟೋಬರ್ ಎರಡನೇ ವಾರಕ್ಕೆ ಬಲಿಯಿತು, ಕೊಯ್ದು ಅರಿ ಬಿಟ್ಟೆ. ಆಗಲೇ ಚಿತ್ತೆ ಮಳೆ ಹಿಡಿಯಿತು. ನಾಲ್ಕು ದಿನ ಬಿಡಲಿಲ್ಲ. ತೆನೆಯಲ್ಲೇ ಕಾಳು ಮೊಳಕೆ ಒಡೆಯಿತು. ಹುಲ್ಲು ಕಪ್ಪಾಗಿ, ದನಗಳೂ ಮೂಸಿ ಬಿಟ್ಟವು. ಬೆಳೆದ ಬೆಳೆ ಕಣ್ಣೆದುರೇ ಹೋದಾಗ ತುಂಬ ಸಂಕಟ ಆಯಿತು.

ಆಮೇಲೆ ಕ್ಯಾಲೆಂಡರ್ ಹಿಡಿದು ಕೂತೆ. ಸ್ವಾತಿ ಮಳೆ ಮುಗಿಯುವುದು ನವೆಂಬರ್ ಮೊದಲ ವಾರದಲ್ಲಿ. ಹಾಗಾದರೆ ಕೊಯ್ಲು ನವೆಂಬರ್ 15ರ ನಂತರ ಬರಬೇಕು. ಅಲ್ಲಿಂದ 115 ದಿನ ಹಿಂದಕ್ಕೆ ಹೋದರೆ ಜುಲೈ 23ರ ಆಸುಪಾಸು, ಅಂದರೆ ಪುಷ್ಯ ಮಳೆ. ಈಗ ಆ ಸಮಯಕ್ಕೇ ಬಿತ್ತುತ್ತೇನೆ. ಮಳೆ ತಡವಾಗಿ ಆಗಸ್ಟ್ 15 ದಾಟಿದರೆ ಜಿಪಿಯು-28 ಬಿಟ್ಟು, ನೂರು ದಿನದೊಳಗೆ ಬರುವ ಜಿಪಿಯು-48 ಹಾಕುತ್ತೇನೆ. ಕೊಯ್ಲು ಹೆಚ್ಚುಕಮ್ಮಿ ಅದೇ ಸಮಯಕ್ಕೆ ಬರುತ್ತದೆ.

ಹಾಗಂತ ಮುಂಗಾರಿನ ಹದ ಸುಮ್ನೆ ಬಿಡುವುದಿಲ್ಲ. ಭರಣಿ, ಕೃತ್ತಿಕೆ ಮಳೆಗೆ ಹೆಸರು ಬಿತ್ತುತ್ತೇನೆ. ಮೇ 10ಕ್ಕೆ ಬಿತ್ತಿದರೆ ಜುಲೈ ಮಧ್ಯಕ್ಕೆ ಬಿಡಿಸಿ ಮುಗಿಯುತ್ತದೆ. ಆ ಗಿಡಗಳನ್ನು ಅಲ್ಲೇ ಉತ್ತು ಮಣ್ಣಿಗೆ ಸೇರಿಸುತ್ತೇನೆ. ಭರಣಿ ಕೈಕೊಟ್ಟು ಹೆಸರು ಜೂನ್‌ಗೆ ಹೋದರೆ ಆ ವರ್ಷ ಹೆಸರಿನ ಆಸೆ ಬಿಡುತ್ತೇನೆ. ಇಲ್ಲದಿದ್ದರೆ ರಾಗಿ ದಿನ ತಪ್ಪುತ್ತದೆ.

ರಾಗಿಗೆ ಎಕರೆಗೆ 4 ಕೆಜಿ ಬೀಜ, ಕೂರಿಗೆಯಲ್ಲಿ ಒಂದು ಅಡಿ ಅಂತರ. ಎಂಟು ಸಾಲಿಗೊಂದು ಅವರೆ ಅಕ್ಕಡಿ. ಇಪ್ಪತ್ತೈದು ದಿನಕ್ಕೆ ಎಡೆಕುಂಟೆ ಹೊಡೆದು, ಕಳೆ ತೆಗೆದ ಮೇಲೆ ನೆಲ ಹಸಿಯಿದ್ದಾಗ ಮಾತ್ರ ಯೂರಿಯಾ.

ಹೊಂಡದ ನೀರನ್ನು ಸೆಪ್ಟೆಂಬರ್ ಕೊನೆಯವರೆಗೂ ಕಾಯ್ದಿಡುತ್ತೇನೆ. ತೆನೆ ಹೊರಟು ಹೂ ಬಿಡುವುದು ಆಗಲೇ. ಆ ಹೊತ್ತಲ್ಲಿ ಒಣಗಿದರೆ ಕಾಳು ಜೊಳ್ಳಾಗುತ್ತದೆ. ಮಧ್ಯಾಹ್ನ ಎಲೆ ಸುರುಳಿಕೊಂಡರೆ ಹೆದರುವುದಿಲ್ಲ. ಬೆಳಿಗ್ಗೆ ಏಳಕ್ಕೂ ಸುರುಳಿ ಬಿಚ್ಚದಿದ್ದರೆ ಅವತ್ತೇ ಪಂಪ್ ಹಚ್ಚುತ್ತೇನೆ. ನನ್ನ ಹೊಂಡದ ನೀರು ಒಂದೇ ಸಲಕ್ಕೆ, ಅದೂ ಒಂದೆಕರೆಗೆ ಸಾಲುತ್ತದೆ. ಅದಕ್ಕೇ ಆಗಸ್ಟ್‌ನಲ್ಲಿ ಪೈರು ಸ್ವಲ್ಪ ಬಾಡಿದರೂ ಆ ನೀರನ್ನು ಮುಟ್ಟುವುದಿಲ್ಲ. ಎಳೆ ಪೈರು ಒಂದು ಮಳೆಗೆ ಮತ್ತೆ ಚಿಗುರಿಕೊಳ್ಳುತ್ತದೆ, ಹೂವಿನ ಹೊತ್ತು ಹಾಗಲ್ಲ.

ನವೆಂಬರ್‌ನಲ್ಲೂ ಸೈಕ್ಲೋನ್ ಮಳೆ ಬರುತ್ತದೆ, ಅದಕ್ಕೆ ಲೆಕ್ಕ ಇಲ್ಲ. ಅದಕ್ಕಾಗಿ ಎರಡು ಎಕರೆಯನ್ನೂ ಒಟ್ಟಿಗೆ ಕೊಯ್ಯುವುದಿಲ್ಲ. ಅರ್ಧ ಕೊಯ್ದು, ಮೂರ್ನಾಲ್ಕು ದಿನ ಅರಿ ಒಣಗಿಸಿ, ಮೆದೆ ಒಟ್ಟಿದ ಮೇಲೆಯೇ ಉಳಿದರ್ಧಕ್ಕೆ ಕುಡುಗೋಲು ಹಾಕುತ್ತೇನೆ. ರಾಗಿ ಹೋದ ಹೊಲದಲ್ಲಿ ಅಕ್ಕಡಿ ಅವರೆ ಮಾತ್ರ ನಿಂತಿರುತ್ತದೆ. ಡಿಸೆಂಬರ್‌ನಲ್ಲಿ ಇಬ್ಬನಿ ಬಿದ್ದ ಸೊಗಡವರೆ ಕಾಯಿ ಬಿಡಿಸಲು ಮನೆಮಂದಿಯೆಲ್ಲ ಹೊಲಕ್ಕೆ ಇಳಿಯುತ್ತೇವೆ.